ಐಎನ್‌ಆರ್ ತಪ್ಪಿದಾಗ ಏನು ಮಾಡಬೇಕು: ವಾರ್ಫರಿನ್ ಹೊತ್ತು, ಸೊಪ್ಪಿನ ಅಳತೆ, ವಾರದ ಡೋಸ್

ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಅನ್ನುವುದನ್ನು ಹೇಳುವ ಐಎನ್‌ಆರ್ ರಿಪೋರ್ಟ್‌ನಲ್ಲಿ 1.4 ಅಂತ ಬಂದಿತ್ತು. ಅದನ್ನು ತಂದವರು ಒಬ್ಬ ನಿವೃತ್ತ ಮೇಷ್ಟ್ರು. ಹೃದಯದ ಬಡಿತ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್‌ಗಾಗಿ, ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರು. ಅವರ ಐಎನ್‌ಆರ್ 2 ಮತ್ತು 3ರ ನಡುವೆ ಇರಬೇಕು. ಎಂಟು ತಿಂಗಳಿಂದ ಒಮ್ಮೆಯೂ 2.3ಕ್ಕಿಂತ ಕೆಳಗೆ ಇಳಿದಿರಲಿಲ್ಲ, 2.8 ದಾಟಿರಲಿಲ್ಲ. ದಿನಕ್ಕೆ 5 ಮಿಲಿಗ್ರಾಂ, ವಾರಕ್ಕೆ 35. ಒಂದು ಮಾತ್ರೆಯನ್ನೂ ಬಿಟ್ಟಿಲ್ಲ ಅಂತ ಆಣೆ ಮಾಡಿ ಹೇಳಿದರು, ಅದು ನಿಜವೂ ಆಗಿತ್ತು. ಹತ್ತು ದಿನ ಕಳೆದು ಅವರೇ ಮತ್ತೆ ಬಂದಾಗ ರಿಪೋರ್ಟ್ 4.3 ತೋರಿಸುತ್ತಿತ್ತು. ನಡುವೆ ಏನಾಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ. ವಾರ್ಫರಿನ್ ತೆಗೆದುಕೊಳ್ಳುವವರು ತಿಳಿದಿರಬೇಕಾದ ಬಹುಪಾಲು ವಿಷಯ ಆ ಹತ್ತು ದಿನದಲ್ಲೇ ಅಡಗಿದೆ.

ನಾನು ಔಷಧ ವಿಭಾಗದಲ್ಲಿ ಕೂತು ಇಂಥ ರಿಪೋರ್ಟ್‌ಗಳನ್ನು ನೋಡುವವಳು. ಡೋಸ್ ಬದಲಿಸುವ ತೀರ್ಮಾನ ನಿಮ್ಮ ಡಾಕ್ಟರರದ್ದು, ಇಲ್ಲವೇ ಅದಕ್ಕೆಂದೇ ಇರುವ ಕ್ಲಿನಿಕ್‌ನದ್ದು. ಆದರೆ ಆ ತೀರ್ಮಾನ ಸರಿಯಾಗಿ ಬರಬೇಕಾದರೆ ಬೇಕಾಗುವ ಮಾಹಿತಿ ಇರುವುದು ನಿಮ್ಮ ಕೈಯಲ್ಲಿ ಮಾತ್ರ. ಅದನ್ನು ಹೇಗೆ ಇಟ್ಟುಕೊಳ್ಳಬೇಕು, ಹೇಗೆ ಹೇಳಬೇಕು, ಹೇಳಿದ ಮೇಲೆ ಬರುವ ಲೆಕ್ಕವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಇವತ್ತಿನ ಅಂಕಿ ಕಳೆದ ವಾರದ ಕಥೆ

ನಮ್ಮ ಪಿತ್ತಜನಕಾಂಗ ರಕ್ತ ಹೆಪ್ಪುಗಟ್ಟಿಸುವ ಹಲವು ಪ್ರೋಟೀನ್‌ಗಳನ್ನು ತಯಾರಿಸುತ್ತದೆ. ಅವುಗಳಲ್ಲಿ 2, 7, 9, 10 ಎಂಬ ನಂಬರಿನ ನಾಲ್ಕಕ್ಕೆ ಕೊನೆಯ ಕೈ ಹಚ್ಚಲು ವಿಟಮಿನ್ ಕೆ ಬೇಕು. ಹೀಗೆ ಒಮ್ಮೆ ಬಳಕೆಯಾದ ವಿಟಮಿನ್ ಕೆಯನ್ನು ದೇಹ ಎಸೆಯುವುದಿಲ್ಲ, ಸರಿಮಾಡಿ ಮತ್ತೆ ಬಳಸುತ್ತದೆ. ವಾರ್ಫರಿನ್ ತಡೆಯುವುದು ಆ ಸರಿಮಾಡುವ ಕೆಲಸವನ್ನು. ಪ್ರೋಟೀನ್‌ಗಳು ತಯಾರಾದರೂ ಅರೆಬರೆಯಾಗಿ ಉಳಿಯುತ್ತವೆ, ರಕ್ತ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಎಷ್ಟು ನಿಧಾನ ಅನ್ನುವುದನ್ನು ಹೇಳುವ ಅಂಕಿಯೇ ಐಎನ್‌ಆರ್. ಔಷಧವಿಲ್ಲದವರಲ್ಲಿ ಅದು ಸುಮಾರು 1.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಇವತ್ತು ರಾತ್ರಿ ನುಂಗಿದ ಮಾತ್ರೆ ಹೊಸದಾಗಿ ತಯಾರಾಗುವ ಪ್ರೋಟೀನ್‌ಗಳನ್ನಷ್ಟೇ ತಡೆಯುತ್ತದೆ. ರಕ್ತದಲ್ಲಿ ಆಗಲೇ ಓಡಾಡುತ್ತಿರುವವು ತಾವಾಗಿ ಕರಗಿ ಹೋಗಬೇಕು. 7ನೇ ನಂಬರಿನದ್ದು ಸುಮಾರು ಆರು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. 2ನೇ ನಂಬರಿನದ್ದು ಅರ್ಧಕ್ಕಿಳಿಯಲು ಎರಡೂವರೆ ಮೂರು ದಿನ ಹಿಡಿಯುತ್ತದೆ. ವಾರ್ಫರಿನ್ ಕೂಡ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 40 ಗಂಟೆ ಬೇಕು. ಹಾಗಾಗಿ ಡೋಸ್ ಬದಲಿಸಿದರೆ ಐಎನ್‌ಆರ್ ಕದಲಲು ಎರಡು ಮೂರು ದಿನ, ಹೊಸ ಮಟ್ಟದಲ್ಲಿ ನಿಲ್ಲಲು ಒಂದು ವಾರ, ಕೆಲವರಲ್ಲಿ ಅದಕ್ಕೂ ಹೆಚ್ಚು. ನಿನ್ನೆ ಮಾತ್ರೆ ಮರೆತದ್ದಕ್ಕೆ ಇವತ್ತು ಬೆಳಗಿನ ರಿಪೋರ್ಟ್ ಕೆಳಗಿಳಿದಿದೆ ಅಂತ ಅಂದುಕೊಳ್ಳುವವರು ಬಹಳ. ಬಹುತೇಕ ಸಲ ಕಾರಣ ಅದಕ್ಕೂ ಮೂರು ನಾಲ್ಕು ದಿನ ಹಿಂದೆಯೇ ಇರುತ್ತದೆ.

ಹೊತ್ತು: ಗಂಟೆಗಿಂತ ದಿನ ಮುಖ್ಯ

ಪ್ರತಿದಿನ ಒಂದೇ ಹೊತ್ತಿಗೆ ತೆಗೆದುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ಹೇಳುವವರು ಕಡಿಮೆ, ಹಾಗಾಗಿ ಕೆಲವರು ಒಂದು ಗಂಟೆ ತಡವಾದರೂ ಗಾಬರಿಯಾಗುತ್ತಾರೆ. 40 ಗಂಟೆಗೆ ಅರ್ಧ ಕರಗುವ ಔಷಧಕ್ಕೆ ಎಂಟು ಗಂಟೆಯಾದರೇನು, ಹತ್ತು ಗಂಟೆಯಾದರೇನು, ಐಎನ್‌ಆರ್‌ನಲ್ಲಿ ಕಾಣುವಂಥ ವ್ಯತ್ಯಾಸವಿಲ್ಲ. ಒಂದೇ ಹೊತ್ತು ಬೇಕಾಗಿರುವುದು ನೆನಪಿಗೆ. ಹೊತ್ತು ಗೊತ್ತಾಗಿದ್ದರೆ ಮಾತ್ರೆ ಬಿಟ್ಟುಹೋಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ತೆಗೆದುಕೊಂಡೆನೋ ಇಲ್ಲವೋ ಎಂಬ ಅನುಮಾನದಲ್ಲಿ ಎರಡನೆಯದನ್ನು ನುಂಗುವ ತಪ್ಪು ಆಗುವುದಿಲ್ಲ.

ಸಂಜೆ ಅಥವಾ ರಾತ್ರಿ ಊಟದ ಹೊತ್ತನ್ನು ಆರಿಸಿಕೊಳ್ಳಿ. ಸಂಜೆ ತೆಗೆದುಕೊಂಡರೆ ಔಷಧ ಹೆಚ್ಚು ಕೆಲಸ ಮಾಡುತ್ತದೆ ಅಂತಲ್ಲ, ಬೆಳಗಿನ ಮಾತ್ರೆಯೂ ಅಷ್ಟೇ ಕೆಲಸ ಮಾಡುತ್ತದೆ. ಅನುಕೂಲ ಬೇರೆ ಕಡೆ ಇದೆ: ರಕ್ತ ಕೊಡುವುದು ಬೆಳಗ್ಗೆ, ರಿಪೋರ್ಟ್ ಬರುವುದು ಮಧ್ಯಾಹ್ನ. ಡೋಸ್ ಬದಲಿಸಬೇಕು ಅಂತ ಫೋನ್ ಬಂದರೆ ಅದೇ ರಾತ್ರಿಯಿಂದ ಬದಲಿಸಬಹುದು. ಈಗ ಬೆಳಗ್ಗೆ ತೆಗೆದುಕೊಳ್ಳುತ್ತಿದ್ದರೆ ಕ್ಲಿನಿಕ್‌ಗೆ ತಿಳಿಸಿ ಒಂದು ದಿನ ಬೆಳಗಿನದ್ದನ್ನು ಬಿಟ್ಟು, ಆ ದಿನದ ಮಾತ್ರೆಯನ್ನು ಸಂಜೆಗೆ ತೆಗೆದುಕೊಂಡರೆ ಆಯಿತು. ಹೊಟ್ಟೆ ತುಂಬಿದ್ದರೂ ಖಾಲಿ ಇದ್ದರೂ ತೊಂದರೆಯಿಲ್ಲ.

ಮರೆತರೆ ನಿಯಮ ಒಂದೇ. ಅದೇ ದಿನ ನೆನಪಾದರೆ, ಮಲಗುವ ಮುಂಚೆಯಾದರೂ ಸರಿ, ತೆಗೆದುಕೊಳ್ಳಿ. ಮಾರನೇ ದಿನ ಬೆಳಗ್ಗೆ ನೆನಪಾದರೆ ಅದನ್ನು ಬಿಟ್ಟುಬಿಡಿ, ರಾತ್ರಿ ಎಂದಿನ ಡೋಸ್ ಮಾತ್ರ. ಎರಡನ್ನು ಒಟ್ಟಿಗೆ ನುಂಗಿ ಸರಿದೂಗಿಸಲು ಹೋಗಬೇಡಿ. ಬಿಟ್ಟುಹೋದದ್ದನ್ನು ತಾರೀಖಿನ ಸಮೇತ ಬರೆದಿಡಿ. ತಪ್ಪಿ ಎರಡು ಸಲ ತೆಗೆದುಕೊಂಡಿದ್ದರೆ ಅವತ್ತೇ ಫೋನ್ ಮಾಡಿ ಕೇಳಿ.

ವಾರದ ಏಳು ಖಾನೆಯ ಮಾತ್ರೆ ಡಬ್ಬಿ ಇಟ್ಟುಕೊಳ್ಳಿ. ಇದು ವಯಸ್ಸಾದವರಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ. ವಾರ್ಫರಿನ್ ಎಲ್ಲ ದಿನ ಒಂದೇ ಡೋಸ್ ಇರಬೇಕೆಂದಿಲ್ಲ. ಸೋಮವಾರ ಒಂದೂವರೆ ಮಾತ್ರೆ, ಉಳಿದ ದಿನ ಒಂದು ಅಂತ ಇದ್ದಾಗ ನೆನಪನ್ನು ನೆಚ್ಚಿಕೊಂಡರೆ ಕೈ ಕೊಡುತ್ತದೆ. ಬುಧವಾರದ ಖಾನೆಯಲ್ಲಿ ಮಾತ್ರೆ ಉಳಿದಿದ್ದರೆ ಗುರುವಾರ ಬೆಳಗ್ಗೆ ಅದೇ ಸಾಕ್ಷಿ ಹೇಳುತ್ತದೆ.

ಡೋಸನ್ನು ಯಾವತ್ತೂ ಮಿಲಿಗ್ರಾಂನಲ್ಲೇ ಹೇಳಿ, ಮಿಲಿಗ್ರಾಂನಲ್ಲೇ ಬರೆದುಕೊಳ್ಳಿ. “ದಿನಾ ಒಂದು ಗುಲಾಬಿ ಮಾತ್ರೆ” ಅನ್ನುವುದು ಅಪಾಯದ ಮಾತು. ಮಾತ್ರೆಯ ಬಣ್ಣ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಗುಲಾಬಿ ಅಂದರೆ 1 ಮಿಲಿಗ್ರಾಂ, ಬ್ರಿಟನ್ನಿನಲ್ಲಿ ಗುಲಾಬಿ ಅಂದರೆ 5. ಇನ್ನೊಂದು ಮಾತು: ಅಸಿನೊಕೂಮರಾಲ್ ಎಂಬ ಔಷಧವೂ ಇದೇ ಕೆಲಸಕ್ಕೆ ಬಳಕೆಯಲ್ಲಿದೆ. ಅದು ವಾರ್ಫರಿನ್‌ನ ಇನ್ನೊಂದು ಹೆಸರಲ್ಲ. ಡೋಸ್ ಬೇರೆ, ದೇಹದಲ್ಲಿ ಉಳಿಯುವ ಕಾಲವೂ ಬಹಳ ಕಡಿಮೆ. ಮಾತ್ರೆಯ ಪಟ್ಟಿ ಕೈಗೆ ಬಂದಾಗ ಹೆಸರು ಮತ್ತು ಮಿಲಿಗ್ರಾಂ ಎರಡನ್ನೂ ಓದಿ ಆಮೇಲೆ ಡಬ್ಬಿಗೆ ತುಂಬಿ.

ಸೊಪ್ಪು: ಬಿಡುವುದಲ್ಲ, ಅಳೆಯುವುದು

ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಮಾತ್ರೆ ಬಿಟ್ಟಿಲ್ಲ, ಹೊಸ ಔಷಧವಿಲ್ಲ, ಕಾಯಿಲೆ ಬಿದ್ದಿಲ್ಲ. ಊಟದ ಬಗ್ಗೆ ಕೇಳಿದಾಗ ಮುಖ ಅರಳಿತು. ಎರಡು ವಾರದಿಂದ ದಿನಾ ಮಧ್ಯಾಹ್ನ ಒಂದು ಬಟ್ಟಲು ಬೇಯಿಸಿದ ಪಾಲಕ್ ತಿನ್ನುತ್ತಿದ್ದರಂತೆ. “ಸೊಪ್ಪು ಒಳ್ಳೇದು ಅಂತ ತಾನೇ ಎಲ್ಲರೂ ಹೇಳೋದು ಮೇಡಂ?” ಅಂದರು. ಮುಂಚೆ ಎಷ್ಟು ತಿನ್ನುತ್ತಿದ್ದಿರಿ ಅಂದರೆ, ವಾರಕ್ಕೆ ಎರಡು ಸಲ, ಅದೂ ಅರ್ಧ ಬಟ್ಟಲು.

ಆ ಬಟ್ಟಲಲ್ಲಿ ಎಷ್ಟಿತ್ತು ನೋಡಿ. ಅರ್ಧ ಕಪ್ ಬೇಯಿಸಿದ ಪಾಲಕ್‌ನಲ್ಲಿ ವಿಟಮಿನ್ ಕೆ 400 ಮೈಕ್ರೋಗ್ರಾಂ ದಾಟುತ್ತದೆ. ವಯಸ್ಕರಿಗೆ ದಿನಕ್ಕೆ ಸಾಕು ಅಂತ ಸಾಮಾನ್ಯವಾಗಿ ಹೇಳುವ ಪ್ರಮಾಣ ಸುಮಾರು 90ರಿಂದ 120. ಅಂದರೆ ಮುಂಚೆ ಇಡೀ ವಾರಕ್ಕೆ ಪಾಲಕ್‌ನಿಂದ ಬರುತ್ತಿದ್ದಷ್ಟು ಈಗ ಒಂದೇ ದಿನಕ್ಕೆ ಬರುತ್ತಿತ್ತು. ವಾರ್ಫರಿನ್ ಹಳೆಯ ವಿಟಮಿನ್ ಕೆಯನ್ನು ಸರಿಮಾಡುವ ದಾರಿ ಮುಚ್ಚುತ್ತದೆ ಅಂದೆನಲ್ಲ. ಹೊಸದು ಇಷ್ಟು ಸುರಿಯುತ್ತಿದ್ದರೆ ದೇಹಕ್ಕೆ ಹಳೆಯದರ ಹಂಗೇ ಬೇಡ, ಐಎನ್‌ಆರ್ ಇಳಿಯುತ್ತದೆ.

ಇದನ್ನು ಕೇಳಿದ ತಕ್ಷಣ ಬಹಳ ಜನ ಮಾಡುವುದು ಸೊಪ್ಪನ್ನು ಪೂರ್ತಿ ನಿಲ್ಲಿಸುವುದು. ಅದು ತಪ್ಪು, ಅದರ ಕಾರಣ ಸರಳ. ನೀರು ತಳದಲ್ಲಿರುವ ಕೊಡಕ್ಕೆ ಒಂದು ಲೋಟ ಸುರಿದರೆ ಮಟ್ಟ ಎದ್ದು ಕಾಣುವಂತೆ ಏರುತ್ತದೆ. ಅದೇ ಲೋಟವನ್ನು ಮುಕ್ಕಾಲು ತುಂಬಿದ ತೊಟ್ಟಿಗೆ ಸುರಿದರೆ ಗೊತ್ತೇ ಆಗುವುದಿಲ್ಲ. ವಿಟಮಿನ್ ಕೆ ತೀರ ಕಡಿಮೆ ತಿನ್ನುವವರ ಐಎನ್‌ಆರ್ ಹೆಚ್ಚು ಏರಿಳಿಯುತ್ತದೆ. ಯಾರದೋ ಮನೆಯಲ್ಲಿ ಒಂದು ಊಟ, ಎರಡು ದಿನ ಊಟ ಸೇರದ ಜ್ವರ, ಇಷ್ಟಕ್ಕೇ ಅಂಕಿ ಅತ್ತಿತ್ತ ಜಿಗಿಯುತ್ತದೆ. ಸೊಪ್ಪು ತಿನ್ನಿ, ವಾರದಿಂದ ವಾರಕ್ಕೆ ಒಂದೇ ಅಳತೆಯಲ್ಲಿ ತಿನ್ನಿ. ಡೋಸನ್ನು ಆ ಊಟಕ್ಕೆ ಹೊಂದಿಸುವುದು ನಮ್ಮ ಕೆಲಸ.

ಅಳತೆಗೆ ಕಪ್ಪು, ಗ್ರಾಮು ಅಂತ ತಲೆ ಕೆಡಿಸಿಕೊಳ್ಳುವುದು ಬೇಡ. ಮನೆಯಲ್ಲಿ ಒಂದು ಬಟ್ಟಲನ್ನು ಗೊತ್ತು ಮಾಡಿಕೊಳ್ಳಿ, ಬೇಯಿಸಿದ ಮೇಲೆ ಅದರಲ್ಲೇ ಅಳೆಯಿರಿ. ಬೇಯಿಸಿದ ಮೇಲೆ ಅನ್ನುವುದು ಇಲ್ಲಿ ಬಹಳ ಮುಖ್ಯ. ಬಾಣಲೆ ತುಂಬ ಹಾಕಿದ ಹಸಿ ಪಾಲಕ್ ಐದು ನಿಮಿಷದಲ್ಲಿ ಒಂದು ಹಿಡಿಗೆ ಇಳಿಯುತ್ತದೆ, ಅಲ್ಲವೇ? ನೀರು ಹೋಗುತ್ತದೆ, ವಿಟಮಿನ್ ಕೆ ಬೆಂಕಿಗೆ ಹೆಚ್ಚೇನೂ ಹಾಳಾಗುವುದಿಲ್ಲ, ಸೊಪ್ಪಿನಲ್ಲೇ ಉಳಿಯುತ್ತದೆ. ಅರ್ಧ ಕಪ್ ಹಸಿ ಎಲೆಯಲ್ಲಿ ಸುಮಾರು 70 ಮೈಕ್ರೋಗ್ರಾಂ ಇದ್ದರೆ ಅದೇ ಅರ್ಧ ಕಪ್ ಬೇಯಿಸಿದ್ದರಲ್ಲಿ ಅದರ ಆರರಷ್ಟು ಇರುತ್ತದೆ. ಹಸಿ ಸಲಾಡ್‌ನಿಂದ ಬೇಯಿಸಿದ್ದಕ್ಕೆ ಬದಲಾಯಿಸಿದವರು “ನಾನು ತಿನ್ನುವುದು ಅಷ್ಟೇ” ಅನ್ನುತ್ತಾರೆ. ಕಣ್ಣಿಗೆ ಅಷ್ಟೇ ಕಾಣುವುದೂ ನಿಜ.

ಎಲ್ಲ ತರಕಾರಿಗೂ ಈ ಲೆಕ್ಕ ಬೇಕಿಲ್ಲ. ಗಮನ ಬೇಕಾದದ್ದು ಕಡು ಹಸಿರು ಎಲೆಗಳಿಗೆ. ಬ್ರೊಕೊಲಿ, ಎಲೆಕೋಸು ಅದರ ನಂತರ ಬರುತ್ತವೆ: ಅರ್ಧ ಕಪ್ ಬೇಯಿಸಿದ ಬ್ರೊಕೊಲಿಯಲ್ಲಿ ಸುಮಾರು 110 ಮೈಕ್ರೋಗ್ರಾಂ. ಟೊಮೆಟೊ, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ, ಬಾಳೆಹಣ್ಣು, ಕಾಳುಗಳ ಬಗ್ಗೆ ಯೋಚನೆಯೇ ಬೇಡ. ಮೇಲೆ ಉದುರಿಸುವ ನಾಲ್ಕು ಎಸಳು ಕೊತ್ತಂಬರಿಯನ್ನೂ ಎಣಿಸಬೇಡಿ, ಕಟ್ಟುಗಟ್ಟಲೆ ರುಬ್ಬಿದ ಚಟ್ನಿಯಾದರೆ ಎಣಿಸಿ. ಅಡುಗೆ ಎಣ್ಣೆಗಳಲ್ಲಿ ಸೋಯಾ ಎಣ್ಣೆಯಲ್ಲಿ ವಿಟಮಿನ್ ಕೆ ಸ್ವಲ್ಪ ಹೆಚ್ಚು, ಎಣ್ಣೆ ಬದಲಿಸಿದ್ದರೆ ಕ್ಲಿನಿಕ್‌ಗೆ ಒಂದು ಮಾತು ಹೇಳಿ. ನನಗೆ ಹೆಚ್ಚು ಭಯ ಇರುವುದು ಊಟದ ಬಗ್ಗೆಯಲ್ಲ, ಡಬ್ಬಿಗಳ ಬಗ್ಗೆ. ಮಲ್ಟಿವಿಟಮಿನ್ ಮಾತ್ರೆ, ಹಸಿರು ಪುಡಿ, ಪೌಷ್ಟಿಕ ಪಾನೀಯ, ಗಿಡಮೂಲಿಕೆ ಕ್ಯಾಪ್ಸೂಲ್‌ಗಳನ್ನು ಜನ ಔಷಧ ಅಂತಲೂ ಹೇಳುವುದಿಲ್ಲ, ಊಟ ಅಂತಲೂ ಹೇಳುವುದಿಲ್ಲ. ಶುರು ಮಾಡುವ ಮುಂಚೆ ಡಬ್ಬಿಯ ಹಿಂಬದಿ ತೋರಿಸಿ.

ರಿಪೋರ್ಟ್ ಬಂದಾಗ: ಡೋಸ್ ಮುಟ್ಟುವ ಮುಂಚೆ

ಅಂಕಿ ಗೆರೆ ದಾಟಿದ್ದರೆ ಫೋನ್ ಎತ್ತುವ ಮುಂಚೆ ಹಿಂದಿನ ಎರಡು ವಾರಕ್ಕೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಮಾತ್ರೆ ತಪ್ಪಿತೇ, ಹೆಚ್ಚಾಯಿತೇ? ಊಟ ಬದಲಾಯಿತೇ? ಹೊಸ ಔಷಧ ಸೇರಿತೇ, ಹಳೆಯದು ನಿಂತಿತೇ? ಕಾಯಿಲೆ ಬಿದ್ದಿರೇ?

ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್, ಫ್ಲುಕೊನಜೋಲ್, ಹೃದಯದ ಲಯಕ್ಕೆ ಕೊಡುವ ಅಮಿಯೊಡರೋನ್ ಐಎನ್‌ಆರ್ ಅನ್ನು ಮೇಲೆತ್ತುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆಗೆ ಕೊಡುವ ಕಾರ್ಬಮಜೆಪಿನ್ ಕೆಳಗಿಳಿಸುತ್ತವೆ. ಇವುಗಳನ್ನು ನಿಲ್ಲಿಸಿದಾಗ ಅಂಕಿ ಎದುರು ದಿಕ್ಕಿಗೆ ಓಡುತ್ತದೆ, ಅದನ್ನು ಮರೆಯುವವರೇ ಹೆಚ್ಚು. ಪ್ಯಾರಸಿಟಮಾಲ್ ಒಂದೆರಡು ಮಾತ್ರೆಗೆ ತೊಂದರೆಯಿಲ್ಲ. ದಿನಕ್ಕೆ 2 ಗ್ರಾಂನಷ್ಟು ಹಲವು ದಿನ ತೆಗೆದುಕೊಂಡರೆ ಐಎನ್‌ಆರ್ ಏರಬಹುದು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳ ಕಥೆ ಬೇರೆ. ಅವು ಐಎನ್‌ಆರ್ ಅನ್ನು ಅಷ್ಟಾಗಿ ಬದಲಿಸದೆಯೂ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲವು. ಹಾಗಾಗಿ ಅಂಕಿ ಸರಿಯಾಗಿದೆ ಅಂತ ಧೈರ್ಯದಿಂದ ನುಂಗಬೇಡಿ. ಕಾಯಿಲೆಗೆ ಬಂದರೆ, ಭೇದಿ, ಜ್ವರ, ಊಟ ಸೇರದಿರುವುದು ಐಎನ್‌ಆರ್ ಅನ್ನು ಏರಿಸುತ್ತವೆ. ಮದ್ಯ ಒಮ್ಮೆಗೇ ಹೆಚ್ಚಾದರೂ ಹಾಗೆಯೇ.

ನಾಲ್ಕಕ್ಕೂ ಇಲ್ಲ ಅಂತ ಉತ್ತರ ಬಂದರೆ ಐದನೆಯದೊಂದಿದೆ: ಪರೀಕ್ಷೆಯೇ ಸರಿಯೇ? ಈ ಪರೀಕ್ಷೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರವವಿರುವ ಟ್ಯೂಬ್ ಬಳಸುತ್ತಾರೆ, ಸಾಮಾನ್ಯವಾಗಿ ತಿಳಿನೀಲಿ ಮುಚ್ಚಳದ್ದು. ಗುರುತಿನವರೆಗೆ ರಕ್ತ ತುಂಬದಿದ್ದರೆ ಸಿಟ್ರೇಟ್ ಪಾಲು ಹೆಚ್ಚಾಗಿ ಐಎನ್‌ಆರ್ ಸುಳ್ಳಾಗಿ ಏರುತ್ತದೆ. ಬೆರಳು ಚುಚ್ಚಿ ನೋಡುವ ಯಂತ್ರಗಳ ಅಂಕಿ ಮೇಲೆ ಹೋದಷ್ಟೂ ನಂಬಿಕೆ ಕಡಿಮೆ, ಅದರಲ್ಲಿ 5 ತೋರಿಸಿದರೆ ಲ್ಯಾಬ್‌ನಲ್ಲಿ ಒಮ್ಮೆ ನೋಡಿಸುವುದು ವಾಡಿಕೆ. ಯಾವ ಕಾರಣವೂ ಸಿಗದ, ಹಿಂದಿನದಕ್ಕೆ ಹೊಂದದ ಅಂಕಿ ಬಂದರೆ “ಮತ್ತೊಮ್ಮೆ ನೋಡೋಣವೇ” ಅಂತ ಕೇಳಲು ಸಂಕೋಚ ಬೇಡ.

ವಾರದ ಲೆಕ್ಕ

ಡೋಸ್ ಬದಲಿಸುವವರು ಲೆಕ್ಕ ಹಾಕುವುದು ದಿನಕ್ಕಲ್ಲ, ವಾರಕ್ಕೆ. ವಾರದ ಒಟ್ಟು ಮಿಲಿಗ್ರಾಂನಲ್ಲಿ ಸಾಮಾನ್ಯವಾಗಿ ನೂರಕ್ಕೆ 5ರಿಂದ 20ರಷ್ಟು ಮಾತ್ರ ಏರಿಸುತ್ತಾರೆ ಅಥವಾ ಇಳಿಸುತ್ತಾರೆ. ನೋಡಲು ಚಿಕ್ಕ ಬದಲಾವಣೆ ಅನ್ನಿಸುತ್ತದೆ, ಆದರೆ ಐಎನ್‌ಆರ್ ಮೇಲೆ ಅದರ ಪರಿಣಾಮ ದೊಡ್ಡದು.

5 ಮಿಲಿಗ್ರಾಂ ಮಾತ್ರೆ ದಿನಕ್ಕೊಂದು ಅಂದರೆ ವಾರಕ್ಕೆ 35. ವಾರದಲ್ಲಿ ಒಂದು ದಿನ ಒಂದೂವರೆ ಮಾಡಿದರೆ 37.5, ನೂರಕ್ಕೆ ಸುಮಾರು 7ರಷ್ಟು ಏರಿಕೆ. ಎರಡು ದಿನ ಒಂದೂವರೆ ಮಾಡಿದರೆ 40, ನೂರಕ್ಕೆ 14. ಎರಡು ದಿನವಾದಾಗ ಅವು ಬೆನ್ನಿಗೆ ಬೆನ್ನಿಗೆ ಬಾರದಂತೆ ಸೋಮವಾರ ಮತ್ತು ಗುರುವಾರದ ಹಾಗೆ ದೂರ ಇಡುತ್ತಾರೆ. “ದಿನಾ ಅರ್ಧ ಮಾತ್ರೆ ಜಾಸ್ತಿ ಮಾಡಿಕೊಂಡೆ” ಅಂತ ಯಾರಾದರೂ ಹೇಳಿದರೆ ನನಗೆ ಎದೆ ಝಲ್ಲೆನ್ನುತ್ತದೆ. ಅದು ವಾರಕ್ಕೆ 52.5 ಆಗುತ್ತದೆ, ಒಂದೂವರೆ ಪಟ್ಟು.

ಪ್ರತಿ ಅಂಕಿಗೂ ಡೋಸ್ ಬದಲಾಗಬೇಕೆಂದೂ ಇಲ್ಲ. ತಿಂಗಳುಗಟ್ಟಲೆ ಸ್ಥಿರವಾಗಿದ್ದವರಿಗೆ ಒಮ್ಮೆ 1.7 ಬಂದರೆ ಅಥವಾ 3.3 ಬಂದರೆ, ಅಂದರೆ ಗೆರೆಯಿಂದ 0.5ರ ಒಳಗೆ ತಪ್ಪಿದ್ದರೆ, ಅದೇ ಡೋಸ್ ಮುಂದುವರಿಸಿ ಒಂದೆರಡು ವಾರದಲ್ಲಿ ಮತ್ತೆ ನೋಡುವುದು ಒಪ್ಪಿತ ಕ್ರಮ. ಡಾಕ್ಟರು ಏನೂ ಬದಲಿಸದೆ ಕಳುಹಿಸಿದರೆ ಅಸಡ್ಡೆ ಅಂದುಕೊಳ್ಳಬೇಡಿ. ಈ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. ಹೃದಯದಲ್ಲಿ ಲೋಹದ ಕವಾಟ ಇರುವವರಿಗೆ ಮತ್ತು ಇತ್ತೀಚೆಗೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರಿಗೆ ಅಂಕಿ ಕೆಳಗಿಳಿದರೆ ಅಪಾಯ ಹೆಚ್ಚು. ಕವಾಟ ಇರುವ ಜಾಗ ನೋಡಿ ಕೆಲವರ ಗುರಿಯೇ 2.5ರಿಂದ 3.5 ಇರುತ್ತದೆ. ನಿಮ್ಮ ಗುರಿ ಎಷ್ಟು ಅಂತ ತಿಳಿಯದಿದ್ದರೆ ಮುಂದಿನ ಸಲ ಮೊದಲು ಅದನ್ನೇ ಕೇಳಿ.

ಮೇಲಿನ ದಿಕ್ಕಿನಲ್ಲಿ, ರಕ್ತಸ್ರಾವವಿಲ್ಲದೆ 4.5 ದಾಟಿದರೆ ಸಾಮಾನ್ಯವಾಗಿ ಒಂದೆರಡು ಡೋಸ್ ಬಿಡಿಸಿ, ಬೇಗನೆ ಮತ್ತೆ ಪರೀಕ್ಷೆ ಮಾಡಿಸುತ್ತಾರೆ. 10 ದಾಟಿದರೆ ಬಾಯಿಯ ಮೂಲಕ ವಿಟಮಿನ್ ಕೆ ಔಷಧ ಕೊಡುತ್ತಾರೆ. ಅಂಕಿ ಹೆಚ್ಚಾಗಿದೆ ಅಂತ ನೀವೇ ಒಂದು ಪಾತ್ರೆ ಸೊಪ್ಪು ತಿಂದು ಇಳಿಸಲು ಹೋಗಬೇಡಿ. ಎಷ್ಟು ಇಳಿಯುತ್ತದೆ, ಯಾವಾಗ ಇಳಿಯುತ್ತದೆ ಅಂತ ಯಾರಿಗೂ ಹೇಳಲಾಗದು. ಮುಂದಿನ ರಿಪೋರ್ಟೂ ಅರ್ಥವಾಗದಂತಾಗುತ್ತದೆ.

ರಕ್ತಸ್ರಾವ ಇದ್ದರೆ ಅಂಕಿಯ ಮಾತೇ ಬೇಡ. ಡಾಂಬರಿನಂತೆ ಕಪ್ಪಾದ ಮಲ, ರಕ್ತವಾಂತಿ, ಕೆಂಪು ಮೂತ್ರ, ಹತ್ತು ಹದಿನೈದು ನಿಮಿಷ ಒತ್ತಿಹಿಡಿದರೂ ನಿಲ್ಲದ ಮೂಗಿನ ರಕ್ತ, ಹಿಂದೆಂದೂ ಬಾರದಂಥ ತಲೆನೋವು, ಇವುಗಳಲ್ಲಿ ಒಂದಿದ್ದರೂ ನೇರ ಆಸ್ಪತ್ರೆಗೆ ಹೋಗಿ. ತಲೆಗೆ ಪೆಟ್ಟು ಬಿದ್ದರೆ ಏನೂ ಆಗಿಲ್ಲ ಅನ್ನಿಸಿದರೂ ಹೋಗಿ. ಮಾತು ತೊದಲುವುದು, ಮುಖ ಓರೆಯಾಗುವುದು, ಒಂದು ಕೈ ಸೋಲುವುದು ಕಂಡರೂ ಅಷ್ಟೇ, ಅಂಕಿ ಎಷ್ಟೇ ಇರಲಿ.

ಆ ಹತ್ತು ದಿನ

ಮೇಷ್ಟ್ರಿಗೆ 1.4 ಬಂದ ದಿನ ಅವರು ಡಾಕ್ಟರ ಹತ್ತಿರ ನೇರವಾಗಿ ಹೋಗಿದ್ದರು. ಮಾತ್ರೆ ಬಿಟ್ಟಿಲ್ಲ ಅಂದರು, ಪಾಲಕ್ ವಿಷಯ ಆಗ ಮಾತಿಗೆ ಬರಲೇ ಇಲ್ಲ. 1.4 ಅಂದರೆ ಗೆರೆಯಿಂದ 0.5ಕ್ಕಿಂತ ಹೆಚ್ಚು ಕೆಳಗೆ, ಡೋಸ್ ಏರಿಸುವುದು ಸಹಜ. ವಾರಕ್ಕೆ 35 ಇದ್ದದ್ದು 40 ಆಯಿತು. ಆ ಚೀಟಿ ಹಿಡಿದುಕೊಂಡು ಮಾತ್ರೆಗಾಗಿ ನನ್ನ ಹತ್ತಿರ ಬಂದಾಗಲೇ ಪಾಲಕ್ ವಿಷಯ ಹೊರಬಿದ್ದದ್ದು. ನಾನು ಡಾಕ್ಟರಿಗೆ ತಿಳಿಸುತ್ತೇನೆ ಅಂದೆ, ತಿಳಿಸಿದೆ. ಅವರು ಹೇಳಿದ್ದು: ಸೊಪ್ಪು ಹೀಗೇ ದಿನಾ ತಿನ್ನುವುದಾದರೆ 40 ಇರಲಿ, ಮುಂಚಿನಂತೆ ವಾರಕ್ಕೆರಡು ಸಲಕ್ಕೆ ಬರುವುದಾದರೆ 35ಕ್ಕೆ ವಾಪಸ್ ಬರಲಿ, ಎರಡರಲ್ಲಿ ಒಂದು. ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ. ಸೊಪ್ಪು ಬಿಡುವುದಿಲ್ಲ, ದಿನಾ ತಿನ್ನುತ್ತೇನೆ ಅಂದರು. ಸರಿ, 40 ಉಳಿಯಿತು.

ಮನೆಗೆ ಹೋದ ಮೇಲೆ ಮನೆಯವರೆಲ್ಲ ಸೇರಿ ಸೊಪ್ಪಿಂದಲೇ ಹೀಗಾಗಿದ್ದು ಅಂತ ತೀರ್ಮಾನಿಸಿ ಅವತ್ತಿಂದಲೇ ಪಾಲಕ್ ತರುವುದನ್ನೇ ನಿಲ್ಲಿಸಿದರು. ಪ್ರೀತಿಯಿಂದ ಮಾಡಿದ್ದು, ನಮಗೆ ಯಾರೂ ಹೇಳಲಿಲ್ಲ. ಈಗ ಎರಡು ಕೈಗಳು ಐಎನ್‌ಆರ್ ಅನ್ನು ಒಂದೇ ದಿಕ್ಕಿಗೆ ತಳ್ಳುತ್ತಿದ್ದವು: ಮಾತ್ರೆ ಹೆಚ್ಚಾಗಿತ್ತು, ವಿಟಮಿನ್ ಕೆ ಕಡಿಮೆಯಾಗಿತ್ತು. ಮೊದಲಿನ ಮೂರು ದಿನ ಏನೂ ಕಾಣಲಿಲ್ಲ. ಒಂದು ವಾರವಾಗುವಷ್ಟರಲ್ಲಿ ಮುಂಗೈ ಮೇಲೆ ಯಾವ ಪೆಟ್ಟೂ ಇಲ್ಲದೆ ನೀಲಿ ಕಲೆ ಮೂಡಿತ್ತು. ಹತ್ತನೇ ದಿನ ಪರೀಕ್ಷೆ, 4.3.

ಅದೃಷ್ಟಕ್ಕೆ ಬೇರೆ ರಕ್ತಸ್ರಾವ ಇರಲಿಲ್ಲ. ಅವತ್ತು ರಾತ್ರಿಯ ಒಂದು ಡೋಸ್ ಬಿಡಿಸಿದರು. ಮಾರನೇ ದಿನದಿಂದ ವಾರಕ್ಕೆ 35. ಸೊಪ್ಪನ್ನು ಹಳೆಯ ಅಭ್ಯಾಸಕ್ಕೇ ತಂದರು: ವಾರಕ್ಕೆ ಎರಡು ದಿನ, ಅದೇ ಅರ್ಧ ಬಟ್ಟಲು, ಮಂಗಳವಾರ ಮತ್ತು ಶನಿವಾರ. 35 ಮಿಲಿಗ್ರಾಂ ಎಂಟು ತಿಂಗಳು ಸರಿಹೊಂದಿದ್ದು ಆ ಊಟಕ್ಕೇ ಆದ್ದರಿಂದ ಹೊಸ ಲೆಕ್ಕ ಹುಡುಕುವ ಅಗತ್ಯ ಬೀಳಲಿಲ್ಲ. ವಾರದ ನಂತರ 2.7, ಅದಾಗಿ ಎರಡು ವಾರಕ್ಕೆ 2.5.

ಊಟವನ್ನೂ ಡೋಸನ್ನೂ ಒಂದೇ ವಾರದಲ್ಲಿ ಬದಲಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಡೋಸ್ ಬದಲಾದಾಗ ಕೇಳಬೇಕಾದ ಪ್ರಶ್ನೆ ಒಂದೇ: “ಈ ಡೋಸ್ ಯಾವ ಊಟಕ್ಕೆ ಲೆಕ್ಕ ಹಾಕಿದ್ದು?” ಉತ್ತರ ಅಡುಗೆ ಮಾಡುವವರಿಗೂ ತಲುಪಬೇಕು.

ಒಂದು ಪುಟದ ಲೆಕ್ಕ, ಮುಂದಿನ ತಾರೀಖು

ಈಗ ಮೇಷ್ಟ್ರ ಹತ್ತಿರ ಗೆರೆ ಎಳೆದ ಒಂದು ನೋಟ್‌ಬುಕ್ ಇದೆ. ಒಂದು ಸಾಲಿಗೆ ಒಂದು ದಿನ: ತಾರೀಖು, ತೆಗೆದುಕೊಂಡ ಮಿಲಿಗ್ರಾಂ, ಸೊಪ್ಪು ತಿಂದಿದ್ದರೆ ಎಷ್ಟು ಬಟ್ಟಲು, ಹೊಸದೇನಾದರೂ ಇದ್ದರೆ ಒಂದೆರಡು ಪದ. ಪರೀಕ್ಷೆಯ ದಿನ ಐಎನ್‌ಆರ್ ಅನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ, ಮೇಷ್ಟ್ರ ಕೈ ಅಲ್ಲವೇ. ಕೆಂಪು ಅಂಕಿಯಿಂದ ಬೆರಳಿಟ್ಟು ಮೇಲಕ್ಕೆ ಎರಡು ವಾರ ಓದಿದರೆ ಕಾರಣ ಅಲ್ಲೇ ಸಿಗುತ್ತದೆ.

ಮುಂದಿನ ಪರೀಕ್ಷೆ ಯಾವಾಗ ಅನ್ನುವುದನ್ನೂ ಅದೇ ಪುಟದಲ್ಲಿ ಬರೆದುಕೊಳ್ಳಿ. ಡೋಸ್ ಬದಲಾದ ಮೇಲೆ ಒಂದೆರಡು ವಾರದಲ್ಲಿ ಒಮ್ಮೆ. ಅಂಕಿ ಸ್ಥಿರವಾದರೆ ನಾಲ್ಕು ವಾರಕ್ಕೊಮ್ಮೆ. ಬಹಳ ಕಾಲ ಅಲುಗಾಡದೆ ಇರುವವರಿಗೆ ಡಾಕ್ಟರು 12 ವಾರದವರೆಗೂ ಬಿಡುವುದುಂಟು. ಡೋಸ್ ಬದಲಾದ ಮಾರನೇ ದಿನವೇ ಆತಂಕಕ್ಕೆ ಪರೀಕ್ಷೆ ಮಾಡಿಸಿದರೆ ಹಳೆಯ ಡೋಸ್‌ನ ಅಂಕಿಯನ್ನೇ ಮತ್ತೆ ನೋಡಿದಂತೆ.

ಹೊಸ ಔಷಧ ಸೇರಿದಾಗ ಮಾತ್ರ ಈ ತಾರೀಖುಗಳಿಗೆ ಕಾಯಬಾರದು. ಕಳೆದ ತಿಂಗಳು ಮೇಷ್ಟ್ರಿಗೆ ವಸಡು ಊದಿಕೊಂಡು ದಂತವೈದ್ಯರು ಮೆಟ್ರೊನಿಡಜೋಲ್ ಬರೆದಿದ್ದರು. ಮೊದಲ ಮಾತ್ರೆ ನುಂಗುವ ಮುಂಚೆಯೇ ಫೋನ್ ಬಂತು. ಬೇರೆ ಔಷಧ ಕೊಡಬಹುದೇ ಅಂತ ದಂತವೈದ್ಯರನ್ನು ಕೇಳಿದೆವು, ಅವರು ಬದಲಿಸಿ ಅಮಾಕ್ಸಿಸಿಲಿನ್ ಕೊಟ್ಟರು. ಅದರಿಂದಲೂ ಐಎನ್‌ಆರ್ ಸ್ವಲ್ಪ ಏರಬಹುದಾದ್ದರಿಂದ ನಾಲ್ಕನೇ ದಿನಕ್ಕೆ ಒಂದು ಪರೀಕ್ಷೆ ಇಟ್ಟೆವು. ಆ ಸಾಲಿನಲ್ಲಿ ಕೆಂಪು ಶಾಯಿಯಲ್ಲಿ 2.9 ಅಂತ ಇದೆ, ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ “ವಸಡು, ಊಟ ಅರ್ಧ, ಡೋಸ್ ಅದೇ”.